ಜಂಟಿ ಪಟ್ಟಿ ಎಷ್ಟು ಅಗಲವಿರಬೇಕು?

ಶಿವಮೊಗ್ಗದಲ್ಲಿ ಅಂತರ್ಜಲದ ಲೆಕ್ಕ ಮಾಡುವ ಕಿರಿಯ ಎಂಜಿನಿಯರುಗಳಿಂದ ನಾನು ಪದೇ ಪದೇ ಕೇಳುವ ದೂರು ಒಂದಿದೆ. ಪ್ರದೇಶವನ್ನು ಎರಡು ತುಂಡು ಮಾಡಿ, ಒಂದರ ಉತ್ತರವನ್ನು ಇನ್ನೊಂದಕ್ಕೆ ಕೊಡುತ್ತಾ ಸುತ್ತು ಸುತ್ತಾಗಿ ಬಿಡಿಸುತ್ತಿದ್ದ ಲೆಕ್ಕ ಚೆನ್ನಾಗಿಯೇ ನಡೆಯುತ್ತಿತ್ತು, ಜಾಲರಿಯ ಚೌಕಗಳನ್ನು 10 ಮೀಟರಿನಿಂದ 1 ಮೀಟರಿಗೆ ಇಳಿಸಿದ ಕೂಡಲೇ ಮುಗಿಯದಾಯಿತು ಎನ್ನುತ್ತಾರೆ. ಚೌಕಗಳು ಹೆಚ್ಚಾದವು, ಸಮಯ ಹಿಡಿಯುತ್ತದೆ ಎಂದು ಅವರೇ ಸಮಾಧಾನ ಹೇಳಿಕೊಳ್ಳುತ್ತಾರೆ. ಆದರೆ ಅದು ಅರ್ಧ ಕಾರಣ ಮಾತ್ರ. ಚೌಕ ಸಣ್ಣದಾದಾಗ ಒಂದೊಂದು ಸುತ್ತು ನಿಧಾನವಾಗುವುದು ಸಹಜ. ಸುತ್ತುಗಳ ಸಂಖ್ಯೆಯೇ ಹತ್ತು ಪಟ್ಟು ಏರಿದ್ದೇಕೆ? ಎರಡು ತುಂಡುಗಳು ಒಂದರ ಮೇಲೊಂದು ಬರುವ ಪಟ್ಟಿಯನ್ನು, ಅಂದರೆ ಓವರ್‌ಲ್ಯಾಪನ್ನು, ಅವರು ಮೀಟರಿನಲ್ಲಿ ಅಳೆಯದೆ ಚೌಕಗಳಲ್ಲಿ ಎಣಿಸಿದ್ದರಿಂದ.

ಒಂದು ಇಳಿಜಾರನ್ನೇ ತೆಗೆದುಕೊಳ್ಳೋಣ. ತೀರ್ಥಹಳ್ಳಿ ಕಡೆಯ ಗುಡ್ಡದ ಮೇಲೊಂದು ಕೆರೆ, 1000 ಮೀಟರ್ ಕೆಳಗೆ ತುಂಗಾ ನದಿ ಎಂದುಕೊಳ್ಳಿ. ಕೆರೆಯ ನೀರು ನದಿಯ ಮಟ್ಟಕ್ಕಿಂತ 20 ಮೀಟರ್ ಎತ್ತರದಲ್ಲಿದೆ, ನಡುವಿನ ಪದರ ಎಲ್ಲೆಡೆ ಒಂದೇ ರೀತಿ ನೀರು ಬಿಡುತ್ತದೆ. ಸ್ಥಿರ ಹರಿವಿನಲ್ಲಿ ನೀರಿನ ಮಟ್ಟ ಲಾಪ್ಲಾಸ್ ಸಮೀಕರಣವನ್ನು ಪಾಲಿಸುತ್ತದೆ, ಇದು ಎಲಿಪ್ಟಿಕ್ ಸಮೀಕರಣಗಳಲ್ಲಿ ಅತ್ಯಂತ ಸರಳವಾದದ್ದು. ಇಲ್ಲಿ ಉತ್ತರ ಒಂದು ನೇರ ಗೆರೆ: 400ನೇ ಮೀಟರಿನಲ್ಲಿ 12, 600ನೇ ಮೀಟರಿನಲ್ಲಿ 8. ಉತ್ತರ ಮೊದಲೇ ಗೊತ್ತಿರುವುದರಿಂದ ವಿಧಾನದ ನಡಿಗೆ ಕಣ್ಣಿಗೆ ಕಾಣುತ್ತದೆ.

ಈಗ 0ಯಿಂದ 600ರವರೆಗೆ ಒಂದು ತುಂಡು, 400ರಿಂದ 1000ದವರೆಗೆ ಇನ್ನೊಂದು. ಜಂಟಿ ಪಟ್ಟಿ 200 ಮೀಟರ್. ಮೇಲಿನ ತುಂಡಿಗೆ 600ರ ಅಂಚಿನಲ್ಲಿ ಯಾವ ಮಟ್ಟ ಕೊಡಬೇಕೆಂದು ತಿಳಿಯದು, ಸೊನ್ನೆ ಎಂದು ಊಹಿಸಿ ಬಿಡಿಸುತ್ತೇವೆ. 400ರಲ್ಲಿ 6.67 ಬರುತ್ತದೆ. ಅದನ್ನು ಕೆಳಗಿನ ತುಂಡಿನ ಅಂಚಿಗೆ ಕೊಟ್ಟು ಬಿಡಿಸಿದರೆ 600ರಲ್ಲಿ 4.44 ಸಿಗುತ್ತದೆ. ಅದು ಮತ್ತೆ ಮೇಲಿನ ತುಂಡಿಗೆ. 600ರಲ್ಲಿ ಎರಡನೇ ಸುತ್ತಿಗೆ 6.42, ಮೂರನೆಯದಕ್ಕೆ 7.30. ತಪ್ಪು 8ರಿಂದ 3.56ಕ್ಕೆ, 1.58ಕ್ಕೆ, 0.70ಕ್ಕೆ ಇಳಿಯಿತು. ಪ್ರತಿ ಸುತ್ತಿನಲ್ಲೂ ಉಳಿಯುವುದು ಹಿಂದಿನದರ 0.444 ಪಾಲು. ಹರ್ಮನ್ ಶ್ವಾರ್ಟ್ಸ್ 1870ರಲ್ಲಿ ಕೊಟ್ಟ ವಿಧಾನ ಇದೇ. ಆಗ ಅವರಿಗೆ ಬೇಕಿದ್ದದ್ದು ಲೆಕ್ಕದ ವೇಗವಲ್ಲ. ವೃತ್ತ, ಆಯತಗಳನ್ನು ಕೂಡಿಸಿದಂಥ ಆಕಾರಗಳಲ್ಲಿ ಪರಿಹಾರ ಇದ್ದೇ ಇದೆ ಎಂಬುದರ ಸಾಧನೆ.

ಆ 0.444 ಬಂದದ್ದೆಲ್ಲಿಂದ? ತಪ್ಪಿನ ಆಕಾರ ನೋಡಿ. ಮೇಲಿನ ತುಂಡಿನಲ್ಲಿ ಕೆರೆಯ ಬದಿ ಮಟ್ಟ ಸರಿಯಾಗಿಯೇ ಇದೆ, ಅಲ್ಲಿ ತಪ್ಪು ಸೊನ್ನೆ. ಕೃತಕ ಅಂಚಿನಲ್ಲಿ ಅದು ಅತಿ ಹೆಚ್ಚು. ನಡುವೆ ನೇರವಾಗಿ ಇಳಿಯುತ್ತದೆ. ಆದ್ದರಿಂದ ಪಟ್ಟಿಯನ್ನು ದಾಟಿ 400ಕ್ಕೆ ಬರುವಷ್ಟರಲ್ಲಿ ಮೂರನೇ ಎರಡು ಭಾಗ ಉಳಿದಿರುತ್ತದೆ. ಕೆಳಗಿನ ತುಂಡಿನಲ್ಲೂ ಅಷ್ಟೇ. ಎರಡನ್ನೂ ಗುಣಿಸಿದರೆ 0.444. ತಪ್ಪು ಕರಗಬೇಕಾದರೆ ಅದು ಪಟ್ಟಿಯ ಅಗಲದಲ್ಲಿ ಇಳಿಯಬೇಕು, ಬೇರೆ ದಾರಿಯಿಲ್ಲ. ಮಳೆಯಿಂದ ಇಂಗುವ ನೀರನ್ನು ಸಮೀಕರಣಕ್ಕೆ ಸೇರಿಸಿದರೂ ಈ ವೇಗ ಬದಲಾಗುವುದಿಲ್ಲ. ನಿಜವಾದ ಉತ್ತರ ಮತ್ತು ಸದ್ಯದ ಉತ್ತರದ ವ್ಯತ್ಯಾಸ ತೆಗೆದಾಗ ಮಳೆಯ ಪದ ಹೊಡೆದುಹೋಗುತ್ತದೆ. ಆಗುಂಬೆಯಷ್ಟು ಸುರಿದರೂ, ಬಯಲುಸೀಮೆಯಷ್ಟೇ ಬಂದರೂ ಸುತ್ತಿನ ಗುಣಕ ಒಂದೇ.

ಪಟ್ಟಿ ನಡುಮಧ್ಯದಲ್ಲಿದ್ದು, ಅದರ ಅಗಲ ಒಟ್ಟು ಉದ್ದದ d ಪಾಲಾಗಿದ್ದರೆ ಸುತ್ತಿನ ಗುಣಕ ρಗೆ ಸೂತ್ರ ಹೀಗೆ:

```
ρ = ((1 - d) / (1 + d))^2
```

ಪಟ್ಟಿ 200 ಮೀಟರ್ ಇದ್ದರೆ ತಪ್ಪನ್ನು ಹತ್ತು ಲಕ್ಷದಲ್ಲಿ ಒಂದು ಪಾಲಿಗೆ ಇಳಿಸಲು 18 ಸುತ್ತು ಸಾಕು. 20 ಮೀಟರಾದರೆ ಗುಣಕ 0.923, ಬೇಕಾಗುವುದು 173 ಸುತ್ತು. 2 ಮೀಟರಾದರೆ 0.992, ಸುಮಾರು 1,730 ಸುತ್ತು. ಆರಂಭದ ದೂರಿಗೆ ಉತ್ತರ ಇಲ್ಲಿದೆ. 10 ಮೀಟರಿನ ಚೌಕಗಳಲ್ಲಿ ಪಟ್ಟಿಗೆ ಎರಡು ಚೌಕ ಕೊಟ್ಟಿದ್ದರು, 1 ಮೀಟರಿನ ಚೌಕಗಳಿಗೆ ಬಂದಾಗಲೂ ಎರಡನ್ನೇ ಉಳಿಸಿಕೊಂಡರು. 20 ಮೀಟರ್ ಇದ್ದ ಪಟ್ಟಿ ಅವರಿಗೆ ಗೊತ್ತಿಲ್ಲದೆಯೇ 2 ಮೀಟರಾಯಿತು. ಇಂಥ ಲೆಕ್ಕಗಳಿಗೆ PETSc ತಂತ್ರಾಂಶ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು: ಅಲ್ಲಿ `-pc_asm_overlap` ಎಣಿಸುವುದು ಜಾಲರಿಯ ಪದರಗಳನ್ನೇ, ನಾವೇನೂ ಹೇಳದಿದ್ದರೆ ಅದು 1.

ನಿಧಾನವಾದರೆ ಕಾಯಬಹುದು. ನನಗೆ ಹೆಚ್ಚು ಆತಂಕ ತರುವುದು ಲೆಕ್ಕ ಮುಗಿಯಿತೆಂದು ತಪ್ಪಾಗಿ ತಿಳಿಯುವುದು. ಒಂದು ಸುತ್ತಿನಿಂದ ಇನ್ನೊಂದಕ್ಕೆ ಮಟ್ಟ 1 ಸೆಂಟಿಮೀಟರಿಗಿಂತ ಕಡಿಮೆ ಬದಲಾದರೆ ನಿಲ್ಲಿಸು ಎಂಬ ನಿಯಮ ಬರೆಯುವುದು ವಾಡಿಕೆ. 200 ಮೀಟರ್ ಪಟ್ಟಿಯಿದ್ದಾಗ ಅದು ನಂಬಬಹುದಾದ ನಿಯಮ, ನಿಲ್ಲಿಸಿದಾಗ ಉಳಿಯುವ ತಪ್ಪು 1 ಸೆಂಟಿಮೀಟರಿಗೂ ಕಡಿಮೆ. 2 ಮೀಟರ್ ಪಟ್ಟಿಯಲ್ಲಿ ಪ್ರತಿ ಸುತ್ತೂ ತಿದ್ದುವುದು ತಪ್ಪಿನ ನೂರರಲ್ಲಿ ಒಂದು ಪಾಲನ್ನೂ ಅಲ್ಲ. ಬದಲಾವಣೆ 1 ಸೆಂಟಿಮೀಟರಿಗೆ ಇಳಿದಾಗ ತಪ್ಪು ಇನ್ನೂ ಸುಮಾರು ಒಂದೂಕಾಲು ಮೀಟರ್ ಇರುತ್ತದೆ. ಅಡಿಕೆ ತೋಟದ ಬಾವಿಯಲ್ಲಿ ಏಪ್ರಿಲಿನಲ್ಲಿ ನೀರು ನಿಲ್ಲುತ್ತದೆಯೇ ಎಂದು ಹೇಳಬೇಕಾದವರಿಗೆ ಒಂದೂಕಾಲು ಮೀಟರ್ ಸಣ್ಣದಲ್ಲ. ಪರೀಕ್ಷೆ ಸುಲಭ: ಈ ಸುತ್ತಿನ ಬದಲಾವಣೆಯನ್ನು ಹಿಂದಿನ ಸುತ್ತಿನ ಬದಲಾವಣೆಯಿಂದ ಭಾಗಿಸಿ, ಅದೇ ρ. ಈ ಸುತ್ತಿನ ಬದಲಾವಣೆಯನ್ನು ρ/(1-ρ) ಇಂದ ಗುಣಿಸಿದರೆ ಉಳಿದಿರುವ ತಪ್ಪಿನ ಅಂದಾಜು ಸಿಗುತ್ತದೆ.

ನಕ್ಷೆಯ ಮೇಲಿನ ನಿಜವಾದ ಪ್ರದೇಶದಲ್ಲಿ, ಅಂದರೆ ಎರಡು ಆಯಾಮದಲ್ಲಿ, ಮೋಸ ಇನ್ನೂ ನಯವಾಗಿರುತ್ತದೆ. ಕೃತಕ ಅಂಚಿನ ಉದ್ದಕ್ಕೂ ಏರಿಳಿಯುವ ತಪ್ಪು ಬೇಗ ಸಾಯುತ್ತದೆ. 50 ಮೀಟರಿಗೊಮ್ಮೆ ಏರಿಳಿಯುವ ಅಲೆ 20 ಮೀಟರ್ ಪಟ್ಟಿಯಲ್ಲಿ ಒಂದೇ ಸುತ್ತಿಗೆ ನೂರರಲ್ಲಿ ಒಂದು ಪಾಲಿಗಿಂತ ಕಡಿಮೆಯಾಗುತ್ತದೆ. ಅಗಲವಾಗಿ ಹರಡಿದ ತಪ್ಪು ಮಾತ್ರ ಹಾಗೆಯೇ ನಿಂತಿರುತ್ತದೆ. ಹಾಗಾಗಿ ಚಿತ್ರ ನುಣುಪಾಗಿ ಕಂಡಿತೆಂದು ಉತ್ತರ ಸರಿ ಎನ್ನಲಾಗದು.

ಹಾಗಾದರೆ ಪಟ್ಟಿಯನ್ನು ಅಗಲಿಸುತ್ತಲೇ ಹೋಗೋಣವೇ? ಅದಕ್ಕೂ ಬೆಲೆಯಿದೆ. ಮೂರು ಆಯಾಮದಲ್ಲಿ ಬದಿಗೆ 20 ಚೌಕಗಳ ತುಂಡಿಗೆ ಎಲ್ಲ ಕಡೆ ಎರಡೆರಡು ಪದರ ಸೇರಿಸಿದರೆ 8,000 ಇದ್ದದ್ದು 13,824 ಆಗುತ್ತದೆ, ನಾಲ್ಕು ಪದರ ಸೇರಿಸಿದರೆ 21,952. ಬರಿಯ ಸುತ್ತುಗಳ ಬದಲು ಇದೇ ವಿಧಾನವನ್ನು ಕಾಂಜುಗೇಟ್ ಗ್ರೇಡಿಯಂಟ್ ಎಂಬ ಇನ್ನೊಂದು ವಿಧಾನಕ್ಕೆ ವೇಗ ಕೊಡುವ ಸಹಾಯಕವಾಗಿ, ಅಂದರೆ ಪ್ರಿಕಂಡಿಷನರ್ ಆಗಿ, ಬಳಸಿದರೆ ಪಟ್ಟಿ ಹತ್ತನೇ ಒಂದಾದಾಗ ಸುತ್ತುಗಳು ಹತ್ತು ಪಟ್ಟಲ್ಲ, ಮೂರು ಪಟ್ಟಿನ ಆಸುಪಾಸಿನಲ್ಲಿ ಏರುತ್ತವೆ. ಆಗ ತೆಳುವಾದ ಪಟ್ಟಿಯೂ ಲಾಭಕರವಾಗಬಹುದು. ತುಂಡುಗಳು ಹತ್ತಾರು ಆದಾಗ ಯಾವ ಪಟ್ಟಿಯೂ ಸಾಲದು, ಸುದ್ದಿ ಒಂದು ತುಂಡಿನಿಂದ ಪಕ್ಕದ್ದಕ್ಕಷ್ಟೇ ದಾಟುತ್ತದೆ. ಆಗ ಇಡೀ ಪ್ರದೇಶದ ಮೇಲೆ ಒರಟು ಜಾಲರಿಯ ಲೆಕ್ಕವೊಂದು ಜೊತೆಗೆ ಬೇಕೇ ಬೇಕು.

ಮಲೆನಾಡಿನ ನೆಲಕ್ಕೆ ನೇರವಾಗಿ ಸಂಬಂಧಿಸಿದ ಮಾತೊಂದು ಉಳಿದಿದೆ. ನಮ್ಮ ಜಂಬಿಟ್ಟಿಗೆ ಕಲ್ಲು ನೀರನ್ನು ಸಲೀಸಾಗಿ ಬಿಡುತ್ತದೆ, ಅದರಡಿಯ ಶೇಡಿ ಮಣ್ಣು ಬಿಡುವುದಿಲ್ಲ. ಪದರಗಳು ಒಂದರ ನಂತರ ಒಂದಾಗಿ ಹರಿವಿಗೆ ಅಡ್ಡ ಬರುವಲ್ಲಿ ಪಟ್ಟಿಯ ನಿಜವಾದ ಅಳತೆ ಮೀಟರ್ ಕೂಡ ಅಲ್ಲ, ಪಟ್ಟಿಯೊಳಗಿನ ನೆಲ ಹರಿವಿಗೆ ಒಡ್ಡುವ ತಡೆ. ಮೇಲಿನ ಉದಾಹರಣೆಯಲ್ಲೇ ನಡುವಿನ 20 ಮೀಟರ್ ಮಾತ್ರ ಹತ್ತನೇ ಒಂದರಷ್ಟು ನೀರು ಬಿಡುವ ಮಣ್ಣಾಗಿದ್ದರೆ ಆ ಪಟ್ಟಿ 200 ಮೀಟರಿನಂತೆ ಎಣಿಕೆಗೆ ಬರುತ್ತದೆ, ಒಟ್ಟು ಉದ್ದ 1180ರಂತೆ. ಗುಣಕ 0.923ರಿಂದ 0.504ಕ್ಕೆ ಇಳಿಯುತ್ತದೆ. ಅದೇ ಪಟ್ಟಿಯನ್ನು ಪಕ್ಕದಲ್ಲೇ ಸಲೀಸಾಗಿ ನೀರು ಬಿಡುವ ಭಾಗದಲ್ಲಿಟ್ಟರೆ ಹೆಚ್ಚುಕಡಿಮೆ ಮೊದಲಿನಷ್ಟೇ ನಿಧಾನ. ಆದ್ದರಿಂದ ನಾನು ತುಂಡು ಹಾಕುವ ಮೊದಲು ಕೊಳವೆ ಬಾವಿಗಳ ಮಣ್ಣಿನ ವಿವರ ನೋಡಿ, ಜಂಟಿ ಪಟ್ಟಿಯನ್ನು ತಡೆ ಹೆಚ್ಚಿರುವ ಕಡೆಗೆ ಸರಿಸುತ್ತೇನೆ. ಆ ಮಣ್ಣನ್ನು ಸೀಳಿಕೊಂಡು ಬಿರುಕೊಂದು ಹಾದುಹೋಗಿದ್ದರೆ ಈ ಲಾಭ ಸಿಗುವುದಿಲ್ಲ, ತಪ್ಪು ಆ ಬಿರುಕಿನಲ್ಲೇ ದಾಟಿಬಿಡುತ್ತದೆ.