ಕಾರ್ಖಾನೆಯ ಪ್ರಶ್ನೆಗಳು ಅಡುಗೆಮನೆಗೆ ಬಂದಾಗ

1970ರ ಸುಮಾರಿಗೆ ಕೆಲಸದ ಸಮಾಜಶಾಸ್ತ್ರ ಅಂದರೆ ಹೆಚ್ಚುಕಡಿಮೆ ಸಂಬಳದ ಕೆಲಸದ ಸಮಾಜಶಾಸ್ತ್ರವೇ ಆಗಿತ್ತು. ಯಂತ್ರದ ಮುಂದೆ ನಿಂತ ಗಂಡಸಿಗೆ ಬೇಸರವಾಗುತ್ತದೆಯೇ, ಕೆಲಸದ ವೇಗ ತಾಳಿಕೊಳ್ಳಲು ಆಗುತ್ತಿದೆಯೇ ಎಂದು ಸಂಶೋಧಕರು ವಿಚಾರಿಸುತ್ತಿದ್ದರು. ಮನೆಗೆಲಸದ ಮಾತು ಬರುತ್ತಿದ್ದುದು ಮದುವೆ, ಕುಟುಂಬದ ಅಧ್ಯಾಯಗಳಲ್ಲಿ. ಅದೂ ಗಂಡ ಪಾತ್ರೆ ತೊಳೆಯಲು ಕೈ ಹಾಕುತ್ತಾನಾ ಅನ್ನುವಷ್ಟಕ್ಕೆ.

1971ರಲ್ಲಿ ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಆನ್ ಓಕ್ಲಿ ಆ ಗಡಿ ದಾಟಿದರು. ಲಂಡನ್ನಿನ 40 ಗೃಹಿಣಿಯರನ್ನು ಮಾತಾಡಿಸಿ, ಕಾರ್ಮಿಕರಿಗೆ ಕೇಳುತ್ತಿದ್ದಂಥ ಪ್ರಶ್ನೆಗಳನ್ನೇ ಕೇಳಿದರು. ಎಲ್ಲರೂ ಚಿಕ್ಕ ಮಕ್ಕಳ ತಾಯಂದಿರು. ಅರ್ಧ ಜನ ಕಾರ್ಮಿಕ ವರ್ಗ, ಅರ್ಧ ಮಧ್ಯಮ ವರ್ಗ. ಅವರು ಮನೆಗೆಲಸದಲ್ಲಿ ವಾರಕ್ಕೆ ಸರಾಸರಿ 77 ಗಂಟೆ ದುಡಿಯುತ್ತಿದ್ದರು. 40ರಲ್ಲಿ 28 ಮಂದಿಗೆ ಮನೆಗೆಲಸ ಅತೃಪ್ತಿ ತಂದಿತ್ತು. ಒಂದೇ ಬಗೆಯ ಕೆಲಸ, ತುಂಡುತುಂಡಾದ ಕೆಲಸ ಎಂಬ ದೂರು ಜೋಡಣಾ ಸಾಲಿನ ಕಾರ್ಮಿಕರಿಗಿಂತ ಇವರಲ್ಲೇ ಜಾಸ್ತಿ ಕೇಳಿಬಂತು.

ಮೆಚ್ಚಿಕೊಂಡ ಅಂಶವೂ ಇತ್ತು: ಮೇಲೆ ಯಜಮಾನನಿಲ್ಲ, ನಮಗೆ ನಾವೇ ಒಡೆಯರು. ಆದರೆ ಕೆಲಸ ಬಿಡುವ ಸ್ವಾತಂತ್ರ್ಯ ಅದರಲ್ಲಿ ಸೇರಿರಲಿಲ್ಲ. ಆಮೇಲೆ ಮಾಡಬಹುದು, ಮಾಡದೇ ಇರುವಂತಿಲ್ಲ. ಎಷ್ಟೋ ಮಂದಿ ತಮಗೆ ತಾವೇ ದಿನಚರಿ, ಅಚ್ಚುಕಟ್ಟಿನ ಮಟ್ಟ ಹಾಕಿಕೊಂಡಿದ್ದರು. ಆ ಮಟ್ಟ ಮುಟ್ಟದಿದ್ದರೆ ತಮ್ಮನ್ನೇ ಬೈದುಕೊಳ್ಳುತ್ತಿದ್ದರು. ಮೇಸ್ತ್ರಿ ಒಳಗೇ ಕೂತಿದ್ದ, ಅಲ್ವಾ?

ನಲವತ್ತು ಜನರ ಮಾತಿನಿಂದ ಜಗತ್ತನ್ನೆಲ್ಲ ಅಳೆಯಲಾಗದು, ನಿಜ. ಆದರೆ ಅವರ ವಾರದ ಮನೆಗೆಲಸದ ಗಂಟೆಗಳಲ್ಲಿ ಅತಿ ಕಡಿಮೆ ಅಂಕಿ ನೋಡಿ: 48 ಗಂಟೆ. ಅದು ಹೊರಗೆ ಪೂರ್ಣಾವಧಿ ಕೆಲಸಕ್ಕೆ ಹೋಗುತ್ತಿದ್ದ ಹೆಂಗಸಿನದು. ಸಂಬಳದ ಗಂಟೆಗಳು ಅದರಾಚೆಗೆ! ಮನೆಗೆಲಸ ಕುಗ್ಗಿತ್ತು, ಆದರೆ ತಾನೇ ಇನ್ನೊಂದು ಪೂರ್ಣಾವಧಿ ಕೆಲಸದಷ್ಟು ಉಳಿದಿತ್ತು. ಇಬ್ಬಗೆಯ ಹೊರೆ ಅಂದರೆ ಇದೇ.

1989ರಲ್ಲಿ ಅಮೆರಿಕದ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ಇದನ್ನು 'ಎರಡನೇ ಪಾಳಿ' ಎಂದು ಕರೆದರು. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಗಳಿಗೆ ಅವರು ಹೋಗಿ ನೋಡಿದ್ದರು. ಒಂದು ಜೋಡಿ ಜಗಳ ಮುಗಿಸಲು ಮನೆಯನ್ನೇ ಹಂಚಿಕೊಂಡಿತ್ತು: ಮೇಲಿನ ಭಾಗ ಅವಳಿಗೆ, ಕೆಳಗಿನದು ಅವನಿಗೆ. ಮೇಲೆ ಅಡುಗೆಮನೆ, ಹಾಲ್, ಮಲಗುವ ಕೋಣೆಗಳು. ಕೆಳಗೆ ಕಾರಿನ ಗ್ಯಾರೇಜು. ನಾಯಿಯ ಹೊಣೆಯೂ ಅವನದೇ. ಸಮಪಾಲು ಎಂದು ಇಬ್ಬರೂ ಒಪ್ಪಿಕೊಂಡಿದ್ದರು. ಗ್ಯಾರೇಜು ಭಾನುವಾರದವರೆಗೆ ಕಾಯುತ್ತದೆ, ಮಗುವಿನ ಹಸಿವು ಕಾಯುವುದಿಲ್ಲ. ಹಾಗಾಗಿ ಕೆಲಸಗಳ ಸಂಖ್ಯೆ ಎಣಿಸಿದರೆ ಸಾಲದು, ಯಾವುದಕ್ಕೆ ಗಡಿಯಾರದ ಹಂಗಿದೆ ಎಂದೂ ನೋಡಬೇಕು.

2013ರಲ್ಲಿ ಅಂತರರಾಷ್ಟ್ರೀಯ ಕಾರ್ಮಿಕ ಸಂಖ್ಯಾಶಾಸ್ತ್ರಜ್ಞರ ಸಮ್ಮೇಳನ ಮನೆಗೆಲಸವೂ 'ಕೆಲಸ'ವೇ ಎಂದು ವ್ಯಾಖ್ಯೆಯಲ್ಲಿ ಸೇರಿಸಿತು. 'ಉದ್ಯೋಗ' ಮಾತ್ರ ಸಂಬಳ, ಲಾಭದ ದುಡಿಮೆಗೇ ಮೀಸಲಾಗಿ ಉಳಿಯಿತು. ಅಳೆಯುವ ತೊಡಕೂ ಮುಗಿದಿಲ್ಲ. ಯಾವ ಹೊತ್ತಿಗೆ ಏನು ಮಾಡಿದರೆಂದು ದಾಖಲಿಸುವ ಸಮಯದ ದಿನಚರಿಯಲ್ಲಿ, ಅಡುಗೆ ಮಾಡುತ್ತಲೇ ಮಗುವಿನ ಮೇಲೆ ಕಣ್ಣಿಟ್ಟವಳ ಮುಖ್ಯ ಕೆಲಸವೊಂದನ್ನೇ ಬರೆದುಕೊಂಡರೆ, ಮಗು ನೋಡಿಕೊಂಡ ಆ ಗಂಟೆ ಲೆಕ್ಕಕ್ಕೇ ಬರುವುದಿಲ್ಲ.