ಗುಂಡಿಯ ಬೆನ್ನಲ್ಲಿ 555

ಕಳೆದ ತಿಂಗಳು ಬೆಂಗಳೂರಿನ ಹುಡುಗನೊಬ್ಬ ಏಳು ಫೋಟೊ ಕಳಿಸಿದ. ಲಿವೈಸ್ 501 ಜೀನ್ಸ್. ಮಾರುವವರು ಅದನ್ನು 1950ರ ದಶಕದ್ದು ಅಂತ ಹೇಳಿ 45,000 ರೂಪಾಯಿ ಕೇಳುತ್ತಿದ್ದರಂತೆ. "ಸರ್, ಇದು ನಕಲಿ ಅಲ್ಲ ತಾನೆ?" ಅನ್ನೋದು ಅವನ ಪ್ರಶ್ನೆ.

ಗಾರ್ಮೆಂಟ್ ಫ್ಯಾಕ್ಟರಿಯಲ್ಲಿ ಟ್ರಿಮ್ಸ್ ಚೆಕ್ ಮಾಡುತ್ತಲೇ ನಾನು ಹದಿನಾಲ್ಕು ವರ್ಷ ಕಳೆದಿದ್ದೇನೆ. ಗುಂಡಿ, ರಿವೆಟ್, ಜಿಪ್, ಲೇಬಲ್ ಇವೇ ನನ್ನ ಪ್ರಪಂಚವಾಗಿತ್ತು. ಈಗ ಹಳೆ ಜೀನ್ಸ್ ಕೊಳ್ಳುವವರಿಗೆ ಫೋಟೊ ನೋಡಿ ಹೇಳುವ ಕೆಲಸ. ಅಲ್ಲಿ ಕಲಿತ ಒಂದು ವಿಷಯ ಇಲ್ಲೂ ಉಪಯೋಗಕ್ಕೆ ಬರುತ್ತದೆ. ಒಂದು ಗುರುತು ಸರಿ ಇದ್ದರೆ ಸಾಲದು, ಎಲ್ಲ ಗುರುತುಗಳೂ ಒಂದೇ ಕಾಲದ ಕಥೆ ಹೇಳಬೇಕು.

ಮೊದಲು ರಿವೆಟ್ ನೋಡಿದೆ. ಜೇಕಬ್ ಡೇವಿಸ್ ಎಂಬ ಟೈಲರ್ ಮತ್ತು ಲಿವೈ ಸ್ಟ್ರಾಸ್ ಕಂಪನಿ ಸೇರಿ 1873ರ ಮೇ 20ರಂದು ಪೇಟೆಂಟ್ ಪಡೆದದ್ದೇ ಈ ರಿವೆಟ್‌ಗೆ. ಒಳಗಿನಿಂದ ಮೊಳೆ ಬರುತ್ತದೆ, ಹೊರಗೆ ಬಳೆಯಂಥ ಬಿಲ್ಲೆ ಕೂರುತ್ತದೆ. ಮೊಳೆಯ ತುದಿ ಬಿಲ್ಲೆಯ ನಡುವೆ ಸಣ್ಣ ಗುಬುಟಿನ ಹಾಗೆ ಇಣುಕುತ್ತದೆ. ಬಿಲ್ಲೆಯ ಸುತ್ತ 'ಎಲ್.ಎಸ್. ಅಂಡ್ ಕೋ. ಎಸ್.ಎಫ್.' ಅನ್ನುವ ಅಕ್ಷರಗಳು. ಕೊನೆಯ ಎರಡು ಅಕ್ಷರ ಸ್ಯಾನ್ ಫ್ರಾನ್ಸಿಸ್ಕೊಗೆ.

ಅಕ್ಷರ ಓದಲು ಬಂದ ಮಾತ್ರಕ್ಕೆ ರಿವೆಟ್ ಅಸಲಿ ಆಗುವುದಿಲ್ಲ. ಅಚ್ಚು ಮಾಡಿಸುವುದು ಕಷ್ಟವಲ್ಲ. ನಾನು ನೋಡುವುದು ಸವೆತವನ್ನು. ಎಷ್ಟೋ ಸಲ ತೊಟ್ಟು ಒಗೆದ ಜೀನ್ಸಿನಲ್ಲಿ ಗುಬುಟು ಮತ್ತು ಬಿಲ್ಲೆಯ ಅಂಚು ಉಜ್ಜಿ ಹೊಳೆಯುತ್ತವೆ. ತಗ್ಗಿನಲ್ಲಿ ಕಪ್ಪು ಉಳಿಯುತ್ತದೆ. ಸುತ್ತಲ ಬಟ್ಟೆಯಲ್ಲೂ ಬಿಲ್ಲೆ ತಿಕ್ಕಿದ ಬಿಳಿ ಉಂಗುರ ಮೂಡಿರುತ್ತದೆ. ಬಟ್ಟೆ ಸವೆದು ಬೆಳ್ಳಗಾಗಿದ್ದು ರಿವೆಟ್ ಮಾತ್ರ ಮೊನ್ನೆ ಹೊಡೆದ ಹಾಗೆ ಮಿನುಗುತ್ತಿದ್ದರೆ ಅನುಮಾನ ಪಡಬೇಕು. ಎಲ್ಲ ರಿವೆಟ್‌ಗಳೂ ಒಂದೇ ಸಮನಾಗಿ ಕಪ್ಪಾಗಿದ್ದರೂ ಅನುಮಾನವೇ, ಯಾಕಂದ್ರೆ ಅದು ಆಸಿಡ್‌ನಲ್ಲಿ ಅದ್ದಿದ ಬಣ್ಣ ಇರಬಹುದು. ಫ್ಲ್ಯಾಶ್ ಹಾಕಿ ತೆಗೆದ ಫೋಟೊದಲ್ಲಿ ಇದ್ಯಾವುದೂ ಕಾಣುವುದಿಲ್ಲ, ಲೋಹ ಬರೀ ಬಿಳಿ ಚುಕ್ಕೆ ಆಗಿಬಿಡುತ್ತದೆ. ಅದಕ್ಕೇ ನಾನು ಕಿಟಕಿ ಪಕ್ಕ ಇಟ್ಟು, ಬೆಳಕು ಓರೆಯಾಗಿ ಬೀಳುವಂತೆ ತೆಗೆಯಿರಿ ಅಂತ ಹೇಳುತ್ತೇನೆ.

ಹುಡುಗನ ಜೀನ್ಸಿನಲ್ಲಿ ರಿವೆಟ್ ಚೆನ್ನಾಗಿತ್ತು. ಹಿಂದಿನ ಜೇಬಿನ ರಿವೆಟ್‌ಗಳು ಬಟ್ಟೆಯ ಒಳಗೆ ಮುಚ್ಚಿಕೊಂಡಿದ್ದವು. ಕುದುರೆ ಸವಾರಿಯ ಜೀನು, ಕುರ್ಚಿ ಎಲ್ಲ ಗೀರಿಹೋಗುತ್ತವೆ ಅನ್ನುವ ದೂರು ಬಂದಿದ್ದರಿಂದ ಕಂಪನಿ 1937ರಲ್ಲಿ ಅವನ್ನು ಒಳಗೆ ಸೇರಿಸಿತು. 1966ರಲ್ಲಿ ಪೂರ್ತಿ ತೆಗೆದು ಆ ಜಾಗಕ್ಕೆ ಬಾರ್‌ಟ್ಯಾಕ್ ಹೊಲಿಗೆ ತಂದಿತು. ಹಿಂದಿನ ಜೇಬಿನ ಅಂಚಿನ ಕೆಂಪು ಟ್ಯಾಬಿನಲ್ಲೂ ಲಿವೈಸ್ ಹೆಸರಿನ ಇಂಗ್ಲಿಷ್ 'ಇ' ದೊಡ್ಡಕ್ಷರದಲ್ಲೇ ಇತ್ತು. ಅದು 1971ರವರೆಗಿನ ಗುರುತು. ಇಲ್ಲಿಯವರೆಗೆ ಎಲ್ಲವೂ ಐವತ್ತರ ದಶಕಕ್ಕೆ ಸರಿಹೊಂದುತ್ತದೆ, ಅಲ್ವಾ?

ಐದನೇ ಫೋಟೊ ಸೊಂಟದ ಗುಂಡಿಯ ಹಿಂಬದಿಯದು. ಅದರಲ್ಲಿ 555 ಅಂತ ಇತ್ತು.

ಗುಂಡಿಯ ಬೆನ್ನಿನ ಮೇಲಿನ ಅಂಕಿ ಹೊಲಿದ ಫ್ಯಾಕ್ಟರಿಯ ಕೋಡ್. 555 ಅಂದರೆ ಸ್ಯಾನ್ ಫ್ರಾನ್ಸಿಸ್ಕೊದ ವೆಲೆನ್ಸಿಯಾ ಬೀದಿಯ ಹಳೆ ಫ್ಯಾಕ್ಟರಿ. ಅದು 2002ರಲ್ಲಿ ಮುಚ್ಚಿತು. ಐವತ್ತರ ದಶಕದ ಗುಂಡಿಗಳಲ್ಲಿ ಸಾಮಾನ್ಯವಾಗಿ ಕಾಣುವುದು ಒಂದೆರಡು ಅಂಕಿ ಅಥವಾ ಒಂದು ಅಕ್ಷರ. ಮೂರಂಕಿಯ ಕೋಡ್ ಆಮೇಲೆ ಬಂದದ್ದು. ಹಾಗಾಗಿ 1966ರಲ್ಲೇ ನಿಂತುಹೋದ ಹಿಂದಿನ ಜೇಬಿನ ರಿವೆಟ್ ಮತ್ತು ಮೂರಂಕಿಯ ಗುಂಡಿ ಒಂದೇ ಜೀನ್ಸಿನಲ್ಲಿ ಜೊತೆಗಿದ್ದರೆ, ಯಾರೂ ಗುಂಡಿ ಬದಲಾಯಿಸಿಲ್ಲ ಅಂದರೆ, ಅದು ಹಳೆ ಮಾದರಿಯ ಮರುತಯಾರಿಕೆ ಇರಬೇಕು. ತೊಂಬತ್ತರ ದಶಕದ ಕೊನೆಗೆ ಲಿವೈಸ್ ತನ್ನ ಹಳೆಯ ಮಾದರಿಗಳನ್ನು ತಾನೇ ಮತ್ತೆ ಹೊಲಿಸಿತು. ಈ ಫ್ಯಾಕ್ಟರಿಯಲ್ಲೇ.

ಆರನೇ ಫೋಟೊ ನೋಡಿದಾಗ ಉಳಿದ ಸಂಶಯವೂ ಹೋಯಿತು. ಒಳಗಿನ ಹೊಲಿಗೆಯಲ್ಲಿ ಕತ್ತರಿಸಿದ ಲೇಬಲ್ಲಿನ ಬಿಳಿ ಅಂಚು, ಅರ್ಧ ಸೆಂಟಿಮೀಟರ್‌ನಷ್ಟು, ಹೊಲಿಗೆಗೆ ಸಿಕ್ಕಿಕೊಂಡಿತ್ತು. ವಾಶ್ ಕೇರ್ ಲೇಬಲ್. ಒಗೆಯುವ ಸೂಚನೆಯ ಲೇಬಲ್ ಅಮೆರಿಕದಲ್ಲಿ ಕಡ್ಡಾಯವಾದದ್ದೇ 1972ರಲ್ಲಿ. ಐವತ್ತರ ಜೀನ್ಸಿಗೆ ಅದು ಎಲ್ಲಿಂದ ಬರಬೇಕು? ಯಾರೋ ಬೇಕಂತಲೇ ಕತ್ತರಿ ಆಡಿಸಿದ್ದರು. ಕತ್ತರಿಗೆ ಹೊಲಿಗೆಯ ಒಳಗಿನ ತುಂಡು ಸಿಗುವುದಿಲ್ಲ. ಅದಕ್ಕೇ ನಾನು ಯಾವಾಗಲೂ ಒಳಭಾಗದ ಹೊಲಿಗೆಗಳ ಫೋಟೊ ಕೇಳುತ್ತೇನೆ.

ಇನ್ನು ಸೊಂಟದ ಹಿಂದಿನ ಚರ್ಮದ ಪ್ಯಾಚ್. ಎರಡು ಕುದುರೆ ಪ್ಯಾಂಟನ್ನು ಎಳೆಯುವ ಚಿತ್ರ 1886ರಿಂದ ಇದೆ. ಐವತ್ತರ ದಶಕದ ಮಧ್ಯದಲ್ಲಿ ಚರ್ಮದ ಬದಲು ದಪ್ಪ ಕಾಗದದಂಥ ಪ್ಯಾಚ್ ಬಂತು. ಚರ್ಮ ಪದೇ ಪದೇ ಒದ್ದೆಯಾಗಿ ಒಣಗಿದರೆ ಕುಗ್ಗುತ್ತದೆ, ಅಂಚು ಮಡಚಿಕೊಳ್ಳುತ್ತದೆ, ಹಪ್ಪಳದ ಹಾಗೆ ಗಟ್ಟಿಯಾಗುತ್ತದೆ. ಆದರೆ ದಾರ ಅದನ್ನು ಬಿಡುವುದಿಲ್ಲ. ಹಾಗಾಗಿ ಸೂಜಿಯ ತೂತುಗಳು ಎಳೆದು ಉದ್ದವಾಗುತ್ತವೆ, ಕೆಲವು ಹರಿಯುತ್ತವೆ. ಈ ಹುಡುಗನ ಫೋಟೊದಲ್ಲಿ ಪ್ಯಾಚ್ ಮಟ್ಟಸವಾಗಿತ್ತು, ತೂತುಗಳು ಗುಂಡಗೆ ಇದ್ದವು. ಅಂದರೆ ಅದು ಜಾಸ್ತಿ ನೀರು ಕಂಡಿಲ್ಲ.

ಪ್ಯಾಚ್ ಬದಲಾಯಿಸಿದ್ದಾರಾ ಅಂತ ತಿಳಿಯಲು ಅದರ ಅಂಚು ನೋಡಿ. ಪ್ಯಾಚಿನ ಅಡಿಯ ಬಟ್ಟೆಗೆ ಅಷ್ಟಾಗಿ ತಿಕ್ಕಾಟ ಇರುವುದಿಲ್ಲ, ಬಣ್ಣ ಗಾಢವಾಗಿಯೇ ಉಳಿದಿರುತ್ತದೆ. ಬೇರೆ ಅಳತೆಯ ಪ್ಯಾಚ್ ಕೂರಿಸಿದರೆ ಪಕ್ಕದಲ್ಲಿ ಗಾಢ ನೀಲಿಯ ಪಟ್ಟಿ ಇಣುಕುತ್ತದೆ, ಇಲ್ಲವೇ ಹಳೆ ಹೊಲಿಗೆಯ ಖಾಲಿ ತೂತುಗಳ ಸಾಲು ಕಾಣುತ್ತದೆ. ಹೊಲಿಗೆಯ ದಾರವೂ ಪಕ್ಕದ ದಾರದಷ್ಟೇ ಮಾಸಿರಬೇಕು.

ಜಿಪ್ ಬಗ್ಗೆ ಎಲ್ಲರೂ ಮೊದಲು ಕೇಳುತ್ತಾರೆ, ನಾನು ಕೊನೆಗೆ ನೋಡುತ್ತೇನೆ. ಮಾಮೂಲಿ 501ರಲ್ಲಿ ಜಿಪ್ ಇರುವುದೇ ಇಲ್ಲ, ಬರೀ ಗುಂಡಿ. ಜಿಪ್ ಇರುವ ಮಾದರಿ 1954ರಲ್ಲಿ ಬಂತು. ಹಳೆಯ ಜೀನ್ಸುಗಳಲ್ಲಿ ಟ್ಯಾಲನ್, ಸ್ಕೋವಿಲ್ ಹೆಸರುಗಳು ಸಿಗುತ್ತವೆ, ಈಚಿನದರಲ್ಲಿ ವೈಕೆಕೆ. ಆದರೆ ರನ್ನರ್ ಮೇಲೆ ವೈಕೆಕೆ ಅಂತ ಇದ್ದರೆ ಜಿಪ್ ಯಾರದು ಅನ್ನುವುದಷ್ಟೇ ಗೊತ್ತಾಗುತ್ತದೆ, ಪ್ಯಾಂಟ್ ಯಾರದು ಅಂತ ಅಲ್ಲ. ಅದೂ ಆ ಗುರುತು ಅಸಲಿ ಆಗಿದ್ದರೆ. ಹಳೆ ಜಿಪ್ ಕೆಟ್ಟರೆ ಯಾವ ಟೈಲರ್ ಬೇಕಾದರೂ ಅರ್ಧ ಗಂಟೆಯಲ್ಲಿ ಬೇರೆಯದನ್ನು ಹಾಕಿಕೊಡುತ್ತಾರೆ. ಹಾಗಾಗಿ ಹೊಸ ಜಿಪ್ ಇರುವ ಹಳೆ ಜೀನ್ಸನ್ನು ತಳ್ಳಿಹಾಕಬೇಡಿ. ಜಿಪ್ ಪಟ್ಟಿಯ ಪಕ್ಕ ಎರಡನೇ ಸಾಲು ಸೂಜಿ ತೂತು ಇದ್ದರೆ ಅದು ರಿಪೇರಿ.

ಉಲ್ಟಾ ತಪ್ಪು ಮಾಡುವವರೂ ಇದ್ದಾರೆ. ಕೆಂಪು ಟ್ಯಾಬಿನಲ್ಲಿ ಹೆಸರೇ ಇಲ್ಲ, ಬರೀ ವೃತ್ತದೊಳಗೆ 'ಆರ್' ಇದೆ ಅಂತ ಒಬ್ಬರು ಅಸಲಿ ಜೀನ್ಸನ್ನೇ ವಾಪಸ್ ಕಳಿಸಿದ್ದರು. ಹೆಸರಷ್ಟೇ ಅಲ್ಲ, ಆ ಟ್ಯಾಬ್ ಕೂಡ ತನ್ನ ಗುರುತು ಅಂತ ಉಳಿಸಿಕೊಳ್ಳಲು ಲಿವೈಸ್ ಸ್ವಲ್ಪ ಜೀನ್ಸುಗಳಿಗೆ ಬೇಕಂತಲೇ ಹೆಸರಿಲ್ಲದ ಟ್ಯಾಬ್ ಹಾಕುತ್ತದೆ.

ಹುಡುಗನಿಗೆ ಹೀಗೆ ಬರೆದೆ: "ಜೀನ್ಸ್ ನಕಲಿ ಅಲ್ಲ, ಲಿವೈಸ್‌ನದ್ದೇ. ಆದರೆ ಐವತ್ತರ ದಶಕದ್ದೂ ಅಲ್ಲ. ಗುಂಡಿ ಮತ್ತು ಕತ್ತರಿಸಿದ ಲೇಬಲ್ಲಿನ ಫೋಟೊ ಅವರಿಗೇ ಕಳಿಸಿ, ಇದು ಏನು ಅಂತ ಸುಮ್ನೆ ಕೇಳು." ಎರಡು ದಿನ ಮಾರುವವರಿಂದ ಉತ್ತರ ಇರಲಿಲ್ಲ. ಮೂರನೇ ದಿನ 11,000ಕ್ಕೆ ಕೊಡುತ್ತೇವೆ ಅಂದರು. ಅವನು ತಗೊಂಡ. ಈಗ ದಿನಾ ಅದನ್ನೇ ಹಾಕಿಕೊಂಡು ಕೆಲಸಕ್ಕೆ ಹೋಗುತ್ತಾನೆ. ಮೂರು ಸಲ ಒಗೆದನಂತೆ, ಪ್ಯಾಚಿನ ಒಂದು ಮೂಲೆ ಮಡಚಿಕೊಳ್ಳೋಕೆ ಶುರುವಾಗಿದೆಯಂತೆ.