ರಿಂಗು ಚಪ್ಪಟೆಯಾದರೆ ಗಂಧಕ ಹೆಚ್ಚಿಸಬೇಕೇ?

ಗದಗ ಜಿಲ್ಲೆಯ ಶೇಂಗಾ ಮತ್ತು ಉಳ್ಳಾಗಡ್ಡಿ ಹೊಲಗಳಲ್ಲಿ ಹರಡಿರುವ ಸ್ಪ್ರಿಂಕ್ಲರ್ ಪೈಪುಗಳ ಪ್ರತಿ ಜೋಡಣೆಯಲ್ಲೂ ಒಂದು ಕಪ್ಪು ರಬ್ಬರ್ ರಿಂಗು ಕುಳಿತಿರುತ್ತದೆ. ಪೈಪು ಒಳಗೆ ಸೇರಿದಾಗ ಅದು ಒತ್ತಲ್ಪಟ್ಟು, ಮರಳಿ ಉಬ್ಬಲು ಯತ್ನಿಸುತ್ತ ಗೋಡೆಗೆ ಬಿಗಿಯಾಗಿ ಅಂಟಿಕೊಂಡಿರುವುದರಿಂದಲೇ ನೀರು ಸೋರುವುದಿಲ್ಲ. ಬಿಸಿಲಿನಲ್ಲಿ ಒಂದೆರಡು ಹಂಗಾಮು ಕಳೆದ ಮೇಲೆ ಕೆಲವು ರಿಂಗುಗಳು ಒತ್ತಿದ ಆಕಾರದಲ್ಲೇ ಚಪ್ಪಟೆಯಾಗಿ ಉಳಿದುಬಿಡುತ್ತವೆ. ಹುಬ್ಬಳ್ಳಿಯ ತಾರಿಹಾಳ ಕೈಗಾರಿಕಾ ಪ್ರದೇಶದ ಸಣ್ಣ ಮೌಲ್ಡಿಂಗ್ ಘಟಕಗಳಿಗೆ ರಬ್ಬರ್ ಕಾಂಪೌಂಡಿನ ಸೂತ್ರ ರೂಪಿಸಿಕೊಡುವುದು ನನ್ನ ಕೆಲಸವಾದ್ದರಿಂದ, ಅಂಥ ರಿಂಗು ಹಿಡಿದು ಬರುವ ವ್ಯಾಪಾರಿಗಳ ಮಾತು ನನಗೆ ಪರಿಚಿತವಾಗಿದೆ: "ಸರ, ರಬ್ಬರ್ ಸತ್ತು ಹೋಗೇತಿ. ಈ ಸಲ ಗಂಧಕ ಸ್ವಲ್ಪ ಜಾಸ್ತಿ ಹಾಕಿಸ್ರಿ." ಗಂಧಕ ಹಾಕಿದಷ್ಟೂ ರಬ್ಬರ್ ಗಟ್ಟಿಯಾಗುತ್ತದೆ, ಗಟ್ಟಿಯಾದಷ್ಟೂ ಬಾಳುತ್ತದೆ ಎಂಬ ಈ ನಂಬಿಕೆಯ ಮೊದಲ ಅರ್ಧ ನಿಜ, ಎರಡನೆಯ ಅರ್ಧದಲ್ಲಿ ತೊಡಕಿದೆ.

ರಬ್ಬರ್ ಮರದ ಹಾಲಿನಿಂದ ಬರುವ ಹಸಿ ರಬ್ಬರು ಐಸೊಪ್ರೀನ್ ಎಂಬ ಸಣ್ಣ ಘಟಕಗಳು ಸಾವಿರಾರು ಸಂಖ್ಯೆಯಲ್ಲಿ ಸಾಲುಗೂಡಿದ ಉದ್ದನೆಯ ಸರಪಳಿಗಳ ರಾಶಿಯಾಗಿದ್ದು, ಈ ಸರಪಳಿಗಳು ಬೇಯಿಸಿದ ಶಾವಿಗೆಯಂತೆ ಒಂದರೊಳಗೊಂದು ಸಿಕ್ಕಿಕೊಂಡಿರುತ್ತವೆಯೇ ಹೊರತು ಒಂದಕ್ಕೊಂದು ಕಟ್ಟಿಕೊಂಡಿರುವುದಿಲ್ಲ. ಥಟ್ಟನೆ ಎಳೆದು ಬಿಟ್ಟರೆ ಹಸಿ ರಬ್ಬರೂ ಹಿಂದಿರುಗುತ್ತದೆ. ಆದರೆ ಎಳೆದು ಹಿಡಿದೇ ಇದ್ದರೆ ಸರಪಳಿಗಳು ನಿಧಾನವಾಗಿ ಒಂದರ ಪಕ್ಕದಿಂದ ಇನ್ನೊಂದು ಜಾರಿ ಹೊಸ ಜಾಗದಲ್ಲಿ ನೆಲೆಸುತ್ತವೆ, ಹಿಂದಿನ ಆಕಾರದ ನೆನಪೇ ಉಳಿಯುವುದಿಲ್ಲ. ಬಿಸಿ ಮಾಡಿದರೆ ಜಾರುವಿಕೆ ಇನ್ನೂ ಹೆಚ್ಚಾಗಿ ರಬ್ಬರು ಅಂಟಾಗುತ್ತದೆ. ಗಂಧಕ ಬೆರೆಸಿ ಕಾಯಿಸಿದರೆ ಈ ಅಂಟುಗುಣ ಹೋಗುತ್ತದೆ ಎಂಬುದನ್ನು ಅಮೆರಿಕದ ಚಾರ್ಲ್ಸ್ ಗುಡ್‌ಇಯರ್ 1839ರಲ್ಲಿ ಕಂಡುಕೊಂಡು 1844ರಲ್ಲಿ ಪೇಟೆಂಟ್ ಪಡೆದರು. ಆಗ ನಡೆದದ್ದೇನು ಎಂಬುದು ರಸಾಯನಶಾಸ್ತ್ರಕ್ಕೆ ತಿಳಿದದ್ದು ಬಹಳ ತಡವಾಗಿ.

ಶಾಖದಲ್ಲಿ ಗಂಧಕದ ಪರಮಾಣುಗಳು ಒಂದು ಸರಪಳಿಯ ಇಂಗಾಲಕ್ಕೂ ಪಕ್ಕದ ಸರಪಳಿಯ ಇಂಗಾಲಕ್ಕೂ ನಡುವೆ ಅಡ್ಡಕೊಂಡಿಗಳಾಗಿ ಕೂರುತ್ತವೆ. ಐಸೊಪ್ರೀನಿನ ಪ್ರತಿ ಘಟಕದಲ್ಲೂ ಒಂದು ಜೋಡಿಬಂಧವಿದ್ದು, ಅದರ ಪಕ್ಕದ ಇಂಗಾಲದಲ್ಲಿರುವ ಹೈಡ್ರೋಜನ್ ಸುಲಭವಾಗಿ ಕಳಚುವುದರಿಂದ ಗಂಧಕ ಹೆಚ್ಚಾಗಿ ಅಲ್ಲಿಯೇ ಹಿಡಿಯುತ್ತದೆ. ಕೊಂಡಿ ಬಿದ್ದ ಮೇಲೆ ಸರಪಳಿಗಳು ಜಾರಲಾರವು. ರಿಂಗಿನಲ್ಲಿರುವ ರಬ್ಬರೆಲ್ಲ ಒಂದೇ ಜಾಲವಾಗುತ್ತದೆ. ಎಳೆದಾಗ ಕೊಂಡಿಗಳ ನಡುವಿನ ತುಂಡು ಸರಪಳಿಗಳು ಸುರುಳಿ ಬಿಚ್ಚಿ ನೇರವಾಗುತ್ತವೆ, ಬಿಟ್ಟೊಡನೆ ಅಣುಗಳ ಶಾಖಚಲನೆಯೇ ಅವುಗಳನ್ನು ಮತ್ತೆ ಅಸ್ತವ್ಯಸ್ತ ಸುರುಳಿಗಳಾಗಿ ಸೇದಿಕೊಳ್ಳುತ್ತದೆ. ಸ್ಥಿತಿಸ್ಥಾಪಕತೆಯ ಮೂಲ ಇದೇ ಆದ್ದರಿಂದ, ತೂಕ ಕಟ್ಟಿ ಇಳಿಬಿಟ್ಟ ರಬ್ಬರ್ ಪಟ್ಟಿಯನ್ನು ಹದವಾಗಿ ಬಿಸಿ ಮಾಡಿದರೆ ಅದು ಕಬ್ಬಿಣದ ತಂತಿಯಂತೆ ಉದ್ದವಾಗದೆ ಮೇಲಕ್ಕೆ ಕುಗ್ಗುತ್ತದೆ.

ಕೊಂಡಿಗಳ ಸಂಖ್ಯೆ ಹೆಚ್ಚಾದಂತೆ ರಬ್ಬರಿನ ಗಡಸುತನ ಹೆಚ್ಚುತ್ತಲೇ ಹೋಗುತ್ತದೆ. ಹರಿಯುವವರೆಗೆ ತಾಳುವ ಬಲ ಮಾತ್ರ ಹಾಗಲ್ಲ. ಅದು ಒಂದು ಹಂತದವರೆಗೆ ಏರಿ ಅನಂತರ ಇಳಿಯುತ್ತದೆ. ನೈಸರ್ಗಿಕ ರಬ್ಬರನ್ನು ಜೋರಾಗಿ ಎಳೆದಾಗ ನೇರವಾದ ಸರಪಳಿಗಳು ಅಲ್ಲಲ್ಲಿ ಸಾಲಾಗಿ ನಿಂತು ಸಣ್ಣ ಹರಳುಗಳಾಗುತ್ತವೆ, ಮುಂದೆ ಸಾಗಲು ಬಂದ ಸೀಳನ್ನು ಈ ಹರಳುಗಳೇ ತಡೆಯುತ್ತವೆ. ಕೊಂಡಿಗಳು ತೀರ ಒತ್ತೊತ್ತಾಗಿದ್ದರೆ ಸರಪಳಿಗಳಿಗೆ ಹೀಗೆ ಸಾಲಾಗುವ ಅವಕಾಶವಿರುವುದಿಲ್ಲ, ಮೊದಲು ಬಿಗಿಯಾದ ಗಿಡ್ಡ ತುಂಡುಗಳ ಮೇಲೆಯೇ ಭಾರವೆಲ್ಲ ಬಿದ್ದು ಅವು ಒಂದೊಂದಾಗಿ ಕಡಿಯುತ್ತವೆ. ಸೀಳುವಿಕೆಯನ್ನು ತಡೆಯುವ ಗುಣವಂತೂ ಎಳೆತದ ಬಲಕ್ಕಿಂತ ಮೊದಲೇ ಶಿಖರ ಮುಟ್ಟಿ ಇಳಿಯತೊಡಗುತ್ತದೆ. ನೂರು ಭಾಗ ರಬ್ಬರಿಗೆ ಮೂವತ್ತು ಭಾಗಕ್ಕಿಂತ ಹೆಚ್ಚು ಗಂಧಕ ಹಾಕಿ ಬೇಯಿಸಿದರೆ ಸಿಗುವುದು ಎಬೊನೈಟ್. ಅದನ್ನು ಕಡೆದು ಫೌಂಟನ್ ಪೆನ್ನಿನ ಕೊಳವೆ ಮಾಡಬಹುದು, ರಿಂಗು ಮಾಡಲು ಬರುವುದಿಲ್ಲ.

ವ್ಯಾಪಾರಿ ತಂದ ರಿಂಗಿನಲ್ಲಿ ನಿಜವಾಗಿ ಕೊಂಡಿಗಳು ಕಡಿಮೆ ಇದ್ದವೇ ಎಂಬುದನ್ನು ಮೊದಲು ನೋಡಬೇಕು. ಪ್ರೆಸ್ಸಿನ ಒಂದು ಹೀಟರ್ ಕೆಟ್ಟು ಡೈ ಸರಿಯಾಗಿ ಕಾಯದಿದ್ದರೆ, ಅಥವಾ ಉತ್ಪಾದನೆ ಹೆಚ್ಚಿಸುವ ಅವಸರದಲ್ಲಿ ಸಮಯ ಮೊಟಕುಗೊಳಿಸಿದ್ದರೆ ರಬ್ಬರು ಅರೆಬೆಂದಿರುತ್ತದೆ, ಅಂಥ ರಿಂಗು ಚಪ್ಪಟೆಯಾಗುವುದು ಸಹಜ. ಇದನ್ನು ಕಂಡುಹಿಡಿಯಲು ದುಬಾರಿ ಉಪಕರಣ ಬೇಕಿಲ್ಲ. ರಿಂಗಿನಿಂದ ಕತ್ತರಿಸಿದ ಸಣ್ಣ ತುಂಡನ್ನು ತೂಗಿ, ಮುಚ್ಚಳವಿರುವ ಬಾಟಲಿಯಲ್ಲಿ ಟಾಲೀನ್ ಎಂಬ ದ್ರಾವಕದೊಳಗೆ ಎರಡು ದಿನ ಮುಳುಗಿಸಿಟ್ಟು, ಹೊರತೆಗೆದು ಒರೆಸಿ ಕೂಡಲೇ ಮತ್ತೆ ತೂಗಬೇಕು. ಬೆಂಕಿಯ ಹತ್ತಿರವಾಗಲಿ ಗಾಳಿಯಾಡದ ಕೋಣೆಯಲ್ಲಾಗಲಿ ಈ ಕೆಲಸ ಕೂಡದು. ಹಸಿ ರಬ್ಬರಾದರೆ ಕರಗತೊಡಗುತ್ತದೆ. ಬೆಂದ ರಬ್ಬರು ಕರಗದೆ ಉಬ್ಬುತ್ತದೆ, ಕೊಂಡಿಗಳು ವಿರಳವಾಗಿದ್ದಷ್ಟೂ ಹೆಚ್ಚು ದ್ರವ ಕುಡಿದು ಹೆಚ್ಚು ತೂಗುತ್ತದೆ. ಅದೇ ಸೂತ್ರದಲ್ಲಿ ಸರಿಯಾಗಿ ಬೆಂದಿದೆ ಎಂದು ಖಾತ್ರಿಯಿರುವ ಇನ್ನೊಂದು ರಿಂಗಿನ ತುಂಡನ್ನು ಪಕ್ಕದಲ್ಲೇ ಇಟ್ಟು ಹೋಲಿಸಿದರೆ ಉತ್ತರ ಸಿಗುತ್ತದೆ. ಈ ಪ್ರಕರಣದಲ್ಲಿ ಎರಡು ತುಂಡುಗಳೂ ಸರಿಸುಮಾರು ಒಂದೇ ಪ್ರಮಾಣದಲ್ಲಿ ಉಬ್ಬಿದವು, ಗಡಸುತನದ ಮೀಟರಿನಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ಅಂದರೆ ಕೊಂಡಿಗಳ ಸಂಖ್ಯೆಯಲ್ಲಿ ಕೊರತೆಯಿರಲಿಲ್ಲ. ದೋಷ ಇದ್ದದ್ದು ಅವುಗಳ ಉದ್ದದಲ್ಲಿ.

ಒಂದು ಅಡ್ಡಕೊಂಡಿಯಲ್ಲಿ ಒಂದೇ ಗಂಧಕ ಪರಮಾಣು ಇರಬಹುದು, ಎರಡಿರಬಹುದು, ಅಥವಾ ಐದಾರು ಪರಮಾಣುಗಳ ಸಾಲೇ ಇರಬಹುದು. ಒಂಟಿ ಪರಮಾಣುವಿನ ಕೊಂಡಿಯಲ್ಲಿ ಗಂಧಕದ ಎರಡೂ ಬದಿಗೆ ಇಂಗಾಲವಿದ್ದು ಬಂಧ ಬಲವಾಗಿರುತ್ತದೆ. ಉದ್ದ ಕೊಂಡಿಯ ನಡುವೆ ಗಂಧಕಕ್ಕೆ ಗಂಧಕ ಅಂಟಿದ ಬಂಧಗಳಿರುತ್ತವೆ, ಅವು ಹೋಲಿಕೆಯಲ್ಲಿ ದುರ್ಬಲ. ಒತ್ತಡದಲ್ಲಿ, ಅದರಲ್ಲೂ ಶಾಖ ಸೇರಿದಾಗ, ಉದ್ದ ಕೊಂಡಿ ನಡುವೆ ಕಡಿದು ಪಕ್ಕದ ಇನ್ನೊಂದು ತುಂಡಿನ ಜೊತೆ ಹೊಸದಾಗಿ ಕೂಡಿಕೊಳ್ಳುತ್ತದೆ. ರಿಂಗು ಒತ್ತಿದ ಸ್ಥಿತಿಯಲ್ಲಿರುವಾಗಲೇ ಹೀಗೆ ಮರುಜೋಡಣೆಯಾದ ಜಾಲಕ್ಕೆ ಆ ಚಪ್ಪಟೆ ಆಕಾರವೇ ಸ್ವಂತ ಆಕಾರವಾಗಿಬಿಡುತ್ತದೆ. ಬಿಸಿಲಿಗೆ ಕಾದ ಕಪ್ಪು ಪೈಪಿನೊಳಗೆ ತಿಂಗಳುಗಟ್ಟಲೆ ಒತ್ತಿಸಿಕೊಂಡು ಕುಳಿತ ರಿಂಗಿಗೆ ಆದದ್ದು ಇದು.

ಹಾಗಾದರೆ ಗಂಧಕವನ್ನೇ ಹೆಚ್ಚಿಸಿದ್ದರೆ? ಕೊಂಡಿಗಳ ಉದ್ದವನ್ನು ನಿರ್ಧರಿಸುವುದು ಗಂಧಕಕ್ಕೂ ಆಕ್ಸಿಲರೇಟರಿಗೂ ಇರುವ ಅನುಪಾತ. ಆಕ್ಸಿಲರೇಟರ್ ಎಂದರೆ ಕ್ಯೂರಿಂಗನ್ನು, ಅಂದರೆ ಗಂಧಕದೊಡನೆ ರಬ್ಬರು ಬೇಯುವ ಕ್ರಿಯೆಯನ್ನು, ವೇಗಗೊಳಿಸುವ ಸಾವಯವ ರಾಸಾಯನಿಕ. ಇದಿಲ್ಲದ ಹಳೆಯ ಕಾಲದ ಮಿಶ್ರಣಕ್ಕೆ ನೂರು ಭಾಗಕ್ಕೆ ಎಂಟು ಭಾಗ ಗಂಧಕ ಹಾಕಿ 140 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಸುಮಾರು ಐದು ತಾಸು ಬೇಯಿಸಬೇಕಾಗುತ್ತಿತ್ತು, ಒಂದೊಂದು ಕೊಂಡಿಗೆ ನಲವತ್ತಕ್ಕೂ ಹೆಚ್ಚು ಗಂಧಕ ಪರಮಾಣುಗಳು ವ್ಯಯವಾಗುತ್ತಿದ್ದವು. ಬಹುಪಾಲು ಗಂಧಕ ಕೊಂಡಿಯಾಗದೆ ಸರಪಳಿಯ ಮೇಲೆಯೇ ಸುತ್ತಿಕೊಂಡು ವ್ಯರ್ಥವಾಗುತ್ತಿತ್ತು. ಈಗ ರೂಢಿಯಲ್ಲಿರುವ ಸಾಂಪ್ರದಾಯಿಕ ಸೂತ್ರದಲ್ಲಿ ನೂರು ಕಿಲೋ ರಬ್ಬರಿಗೆ ಎರಡೂವರೆ ಕಿಲೋ ಗಂಧಕವಿದ್ದು ಆಕ್ಸಿಲರೇಟರ್ ಅರ್ಧ ಕಿಲೋ ಸುತ್ತಮುತ್ತ ಇರುತ್ತದೆ. ವ್ಯಾಪಾರಿಯ ರಿಂಗು ಇದೇ ಬಗೆಯದು. ಇದಕ್ಕೆ ಮತ್ತಷ್ಟು ಗಂಧಕ ಸುರಿದಿದ್ದರೆ ಗಡಸುತನ ಏರುತ್ತಿತ್ತು, ಕೊಂಡಿಗಳು ಇನ್ನಷ್ಟು ಉದ್ದವಾಗುತ್ತಿದ್ದವು, ಚಪ್ಪಟೆಯಾಗುವ ರೋಗ ಮಾತ್ರ ಹಾಗೆಯೇ ಉಳಿಯುತ್ತಿತ್ತು. ಸಾಲದ್ದಕ್ಕೆ, ಕರಗದೆ ಉಳಿದ ಗಂಧಕ ಹಸಿ ಕಾಂಪೌಂಡಿನ ಮೇಲೆ ಬೂದಿಯಂತೆ ಉಕ್ಕಿ ಬರುವ ತಾಪತ್ರಯ ಬೇರೆ.

ನಾವು ಮಾಡಿದ್ದು ತದ್ವಿರುದ್ಧವಾದ ಕೆಲಸ. ಐದು ಕಿಲೋ ಸತುವಿನ ಆಕ್ಸೈಡು, ಎರಡು ಕಿಲೋ ಸ್ಟಿಯರಿಕ್ ಆಮ್ಲ ಮತ್ತು ಕಾರ್ಬನ್ ಬ್ಲ್ಯಾಕ್ ಮೊದಲಿನಂತೆಯೇ ಇದ್ದವು. ಗಂಧಕವನ್ನು ಅರ್ಧ ಕಿಲೋಗೆ ಇಳಿಸಿ, ಎರಡು ಬಗೆಯ ಆಕ್ಸಿಲರೇಟರುಗಳನ್ನು ಒಟ್ಟು ಮೂರು ಕಿಲೋಗೆ ಏರಿಸಿದೆವು. ಆಕ್ಸಿಲರೇಟರ್ ಹೇರಳವಾಗಿದ್ದಾಗ ಲಭ್ಯವಿರುವ ಸ್ವಲ್ಪ ಗಂಧಕವೇ ಗಿಡ್ಡ ಕೊಂಡಿಗಳಾಗಿ ಹಂಚಿಹೋಗುತ್ತದೆ, ಸಂಖ್ಯೆ ಕಡಿಮೆಯಾಗುವುದಿಲ್ಲ. ಫಲಿತಾಂಶವನ್ನು ಅಳೆಯುವ ವಿಧಾನ ಸರಳವಾಗಿದೆ: 12.5 ಮಿಲಿಮೀಟರ್ ದಪ್ಪದ ಬಿಲ್ಲೆಯನ್ನು ಎರಡು ಉಕ್ಕಿನ ಫಲಕಗಳ ನಡುವೆ 9.4 ಮಿಲಿಮೀಟರಿಗೆ ಒತ್ತಿ, 70 ಡಿಗ್ರಿ ಶಾಖದಲ್ಲಿ 22 ತಾಸು ಇಟ್ಟು, ಬಿಡಿಸಿ ಅರ್ಧ ತಾಸಿನ ನಂತರ ದಪ್ಪ ನೋಡಬೇಕು. ಬಿಲ್ಲೆ 11.5 ಮಿಲಿಮೀಟರಿಗೆ ಮಾತ್ರ ಮರಳಿದರೆ, ಒತ್ತಿದ 3.1 ಮಿಲಿಮೀಟರಿನಲ್ಲಿ 1 ಮಿಲಿಮೀಟರ್ ಕಳೆದುಹೋಗಿದೆ, ಎಂದರೆ ಶೇಕಡಾ 32ರಷ್ಟು ಶಾಶ್ವತವಾಗಿ ಕುಸಿದಿದೆ. ಸಾಂಪ್ರದಾಯಿಕ ಸೂತ್ರದಲ್ಲಿ ಇದು ಅಚ್ಚರಿಯ ಅಂಕಿಯಲ್ಲ. ಗಿಡ್ಡ ಕೊಂಡಿಗಳ ಬಿಲ್ಲೆ 12.1 ಮಿಲಿಮೀಟರಿಗೆ ಮರಳಿದರೆ ಕುಸಿತ ಶೇಕಡಾ 13ಕ್ಕೆ ಇಳಿಯುತ್ತದೆ, ರಿಂಗಿಗೆ ಬೇಕಾದದ್ದು ಅದೇ.

ಇಷ್ಟು ಒಳ್ಳೆಯದಾದರೆ ಎಲ್ಲ ವಸ್ತುಗಳಿಗೂ ಇದೇ ಸೂತ್ರ ಏಕಿಲ್ಲ ಎಂಬ ಪ್ರಶ್ನೆ ಏಳುತ್ತದೆ. ಆಕ್ಸಿಲರೇಟರ್ ದುಬಾರಿ ಎಂಬುದು ಸಣ್ಣ ಕಾರಣ. ದೊಡ್ಡ ಕಾರಣವೆಂದರೆ, ರಿಂಗಿನಲ್ಲಿ ದೋಷವಾಗಿ ಕಂಡ ಕಡಿದು ಕೂಡುವ ಗುಣವೇ ಬೇರೆಡೆ ವರವಾಗುತ್ತದೆ. ಟ್ರ್ಯಾಕ್ಟರಿನ ಎಂಜಿನ್ ಮೌಂಟಿಂಗಿನಂತೆ ದಿನವಿಡೀ ಲಕ್ಷಾಂತರ ಸಲ ಬಾಗಿ ನಿಮಿರುವ ಭಾಗದಲ್ಲಿ, ಹೆಚ್ಚು ಭಾರ ಬಿದ್ದ ಕಡೆ ಉದ್ದ ಕೊಂಡಿ ಕಡಿದು ಸಡಿಲಗೊಂಡರೆ ಭಾರ ಪಕ್ಕದ ಸರಪಳಿಗಳಿಗೆ ಹಂಚಿಹೋಗಿ ಬಿರುಕು ಹುಟ್ಟುವುದು ತಡವಾಗುತ್ತದೆ. ಗಿಡ್ಡ ಕೊಂಡಿ ಹಾಗೆ ಬಿಟ್ಟುಕೊಡದಿರುವುದರಿಂದ ಸರಪಳಿಯೇ ಕಡಿಯಬೇಕಾಗುತ್ತದೆ. ಆದ್ದರಿಂದ ಒತ್ತಿಸಿಕೊಂಡು ಸುಮ್ಮನೆ ಕೂರುವ ಭಾಗಕ್ಕೆ ಗಿಡ್ಡ ಕೊಂಡಿ, ಸದಾ ಅಲುಗಾಡುವ ಭಾಗಕ್ಕೆ ಉದ್ದ ಕೊಂಡಿ ಎಂಬುದು ನನ್ನ ಲೆಕ್ಕಾಚಾರ. ಎರಡೂ ಬೇಕಿದ್ದಲ್ಲಿ ಗಂಧಕ ಮತ್ತು ಆಕ್ಸಿಲರೇಟರನ್ನು ಒಂದೂವರೆ ಕಿಲೋಗಳಂತೆ ಸಮವಾಗಿ ಹಾಕುವ ನಡುದಾರಿಯಿದೆ.

ಹೆಚ್ಚು ಹೊತ್ತು ಬೇಯಿಸಿದರೂ ಗಟ್ಟಿಯಾಗುತ್ತದೆ ಎಂದು ನಂಬುವ ಆಪರೇಟರುಗಳಿದ್ದಾರೆ. ಉದ್ದ ಕೊಂಡಿಗಳ ಕಾಂಪೌಂಡನ್ನು 160 ಡಿಗ್ರಿಗಿಂತ ಮೇಲೆ ಬೇಕಾದದ್ದಕ್ಕಿಂತ ಹೆಚ್ಚು ಹೊತ್ತು ಡೈಯಲ್ಲಿ ಇಟ್ಟರೆ ಕೊಂಡಿಗಳು ಬಿಚ್ಚತೊಡಗಿ ರಬ್ಬರು ಮತ್ತೆ ಮೆತ್ತಗಾಗುತ್ತದೆ. ರಬ್ಬರು ಬೇಯುತ್ತಿರುವಾಗಲೇ ಅದರ ಬಿಗಿತವನ್ನು ಅಳೆಯುವ ರಿಯೋಮೀಟರಿನ ರೇಖೆಯಲ್ಲಿ ಇದು ಸ್ಪಷ್ಟವಾಗಿ ಕಾಣುತ್ತದೆ: ಏರಿದ ರೇಖೆ ಸಮತಟ್ಟಾಗಿ ಉಳಿಯದೆ ಕೆಳಗೆ ಬಾಗುತ್ತದೆ. ರಿಯೋಮೀಟರ್ ಇಲ್ಲದ ಘಟಕದಲ್ಲಿ, ದಪ್ಪ ಭಾಗದ ಹೊರಮೈ ಒಳಭಾಗಕ್ಕಿಂತ ಕಡಿಮೆ ಗಡಸಾಗಿ, ಬೆರಳಿಗೆ ಜಿಗುಟಾಗಿ ತಾಗುವುದು ಇದರ ಗುರುತು.

ಒಂದು ದೂರು ಮಾತ್ರ ಗಂಧಕದ ಯಾವ ಅನುಪಾತಕ್ಕೂ ಬಗ್ಗುವುದಿಲ್ಲ. ಹಿಗ್ಗಿಸಿ ಹಾಕಿದ ರಿಂಗಿನ ಮೈಮೇಲೆ, ಹಿಗ್ಗಿದ ದಿಕ್ಕಿಗೆ ಅಡ್ಡಲಾಗಿ ಸಣ್ಣ ಬಿರುಕುಗಳು ಎದ್ದಿದ್ದರೆ ಅದು ಗಾಳಿಯಲ್ಲಿರುವ ಓಝೋನಿನ ಕೆಲಸ. ಕ್ಯೂರಿಂಗ್ ಮುಗಿದ ಮೇಲೂ ರಬ್ಬರಿನ ಬಹುಪಾಲು ಜೋಡಿಬಂಧಗಳು ಹಾಗೆಯೇ ಉಳಿದಿರುತ್ತವೆ, ಓಝೋನು ಕಡಿಯುವುದು ಆ ಜೋಡಿಬಂಧಗಳನ್ನೇ. ಅಂಥ ರಿಂಗನ್ನು ತಂದವರಿಗೆ ಕಾಂಪೌಂಡಿನಲ್ಲಿ ಮೇಣ ಮತ್ತು ಓಝೋನ್ ನಿರೋಧಕ ಹಾಕಿಸಲು ಹೇಳುತ್ತೇನೆ, ಇಲ್ಲವೇ ಸರಪಳಿಯಲ್ಲಿ ಜೋಡಿಬಂಧವೇ ಇಲ್ಲದ ಇಪಿಡಿಎಂ ರಬ್ಬರಿಗೆ ಬದಲಾಯಿಸಲು ಸೂಚಿಸುತ್ತೇನೆ.